ತಾತನ ಕಾರ್ಡುಗಳು, ತನ್ಮಯಿಯ ಬೆರಳು

ನನ್ನ ಮಾವ ಶ್ಯಾಮಸುಂದರ ಅವರು ಎಂಜಲಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಬ್ಬರು ಕುಡಿದಿಟ್ಟ ಲೋಟವನ್ನು ಇನ್ನೊಬ್ಬರು ಮುಟ್ಟಿದರೆ ಮುಖ ಸಿಂಡರಿಸುತ್ತಾರೆ. ಅದೇ ಮನುಷ್ಯ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಇಂಗ್ಲಿಷ್ ಪದಗಳಿರುವ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ನನ್ನ ಮಗಳ ಮೂಗಿನ ಮುಂದೆ ಹಿಡಿಯುತ್ತಿದ್ದರು. ಆ್ಯಪಲ್. ಇಗ್ಲೂ. ಯಾಟ್. ಮಗು ಕಾರ್ಡನ್ನು ಬಾಯಿಗೆ ಹಾಕಿಕೊಳ್ಳುವುದು, ಅವರು ಕಿತ್ತುಕೊಂಡು ಪಂಚೆಗೆ ಒರೆಸುವುದು, ಮತ್ತೆ ನಾಲಿಗೆಗೆ ಬೆರಳು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಮಾವ ನಂಜನಗೂಡಿನ ಕಡೆಯವರು. ರೈಲ್ವೆ ಲೆಕ್ಕಪತ್ರ ಕಚೇರಿಯಲ್ಲಿ ಕೆಲಸ ಸಿಕ್ಕಿ ಕೋಲ್ಕತ್ತಕ್ಕೆ ಬಂದಾಗ ಮೀಸೆ ಸರಿಯಾಗಿ ಮೂಡಿರಲಿಲ್ಲವಂತೆ. ಮೊದಲ ವರ್ಷವೇ ಮೇಲಧಿಕಾರಿಯೊಬ್ಬ ಇವರು ಬರೆದ ಇಂಗ್ಲಿಷ್ ಟಿಪ್ಪಣಿಯನ್ನು ಇವರಿಂದಲೇ ಗಟ್ಟಿಯಾಗಿ ಓದಿಸಿದ. ಇಡೀ ವಿಭಾಗ ನಕ್ಕಿತು. ಆ ಕಥೆ ಹೇಳುವಾಗ ಇವತ್ತಿಗೂ ಅವರ ಕಿವಿ ಕೆಂಪಾಗುತ್ತದೆ. ನಿವೃತ್ತಿಯಾದ ಮೇಲೂ ಊರಿಗೆ ಹೋಗಲಿಲ್ಲ. ಅತ್ತೆ ತೀರಿಕೊಂಡ ಬಳಿಕ ಸಿಯಾಲ್ದಾ ಸ್ಟೇಷನ್ನಿನ ಹಿಂದಿನ ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಗಂಡ ಶ್ರೀವತ್ಸನನ್ನು ಅವರು ಬೆಳೆಸಿದ್ದೂ ಪ್ರಶ್ನೆ ಕೇಳಿಯೇ. ಊಟದ ತಟ್ಟೆಯ ಮುಂದೆ ಸ್ಪೆಲಿಂಗ್, ಟ್ರಾಮಿನಲ್ಲಿ ಸ್ಪೆಲಿಂಗ್. ಈಗಲೂ ಅಪ್ಪ ಕೋಣೆಗೆ ಬಂದರೆ ಅವನು ‘ಹೂಂ’, ‘ಇಲ್ಲ’ ಬಿಟ್ಟು ಮಾತಾಡುವುದಿಲ್ಲ.

ಮಗಳು ತನ್ಮಯಿಗೆ ವರ್ಷ ತುಂಬಿದ ಮೇಲೆ ನನ್ನ ರಜೆ ಮುಗಿಯುತ್ತ ಬಂತು. ಸೋಮವಾರದಿಂದ ನಾನು ಎಸ್ಪ್ಲನೇಡ್‌ನ ಕಚೇರಿಗೆ ಹೋಗಬೇಕು, ಹಗಲಿಡೀ ಮಗು ಮಾವನ ಕೈಯಲ್ಲಿ. ಅಭ್ಯಾಸವಾಗಲಿ ಎಂದು ಮುಂಚೆಯೇ ಬೆಳಗಿನ ಹೊತ್ತು ಅವರಿಗೆ ಬಿಟ್ಟುಕೊಟ್ಟಿದ್ದೆ.

ಅದಕ್ಕೂ ಮೊದಲು ನನ್ನದೂ ಮಗುವಿನದೂ ಬೇರೆಯೇ ದಿನಚರಿ. ಅವಳು ಫ್ಯಾನಿನ ಕಡೆ ಬೆರಳು ತೋರಿಸಿ “ಆ?” ಅನ್ನುವಳು. ನಾನು “ಫ್ಯಾನು ಕಣೆ, ಗರಗರ ತಿರುಗ್ತಿದೆ” ಅನ್ನುವೆ. ಮತ್ತೆ “ಆ?” ಮತ್ತೆ ಫ್ಯಾನು. ಸ್ನಾನ ಮಾಡಿಸುವಾಗ ನಾನೇ ಕಟ್ಟಿದ ಒಂದು ಹಾಡು, ರಾಗ ಸರಿಯಿಲ್ಲದ್ದು. ಕೊನೆಯಲ್ಲಿ ‘ಬುಳಕ್’ ಅನ್ನುವ ಮೊದಲು ನಿಲ್ಲಿಸಿ ಅವಳ ಮುಖ ನೋಡುವೆ. ಅವಳು ತುಟಿ ಮುಂದೆ ಚಾಚಿ “ಬು” ಅನ್ನುವವರೆಗೂ ನೀರು ಹೊಯ್ಯುತ್ತಿರಲಿಲ್ಲ. ಹಸುವಿನ ರಟ್ಟಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ನಡುವಿನ ಹಾಳೆಯಿಂದ ಹಿಂದಕ್ಕೆ ಓದುವಳು. ಓದು ಅಂದರೆ ಹಸುವಿನ ಬಾಲ ಚೀಪುವುದು. ಚೀಪಲಿ. ಹಸು ಅಂಬಾ ಅನ್ನುತ್ತದೆ ಎಂದು ನಾನು ಪಕ್ಕದಲ್ಲಿ ಹೇಳುತ್ತಿದ್ದೆ.

ಕಾರ್ಡುಗಳು ಬಂದ ಮೇಲೆ ಮನೆಯಲ್ಲಿ “ಆ?” ಕೇಳಿಸುವುದು ಕಡಿಮೆಯಾಯಿತು. ಮಾವ ಎದುರು ಕುಳಿತರೆ ಮಗು ಕಣ್ಣು ಮುಚ್ಚಿಕೊಂಡು ಗೋಡೆಗೆ ತಿರುಗುತ್ತಿತ್ತು. ಊಟಕ್ಕೆ ಮೊಬೈಲು. ಕಿರುಚುವ ಇಂಗ್ಲಿಷ್ ಹಾಡಿಗೆ ಬಾಯಿ ತೆರೆದು ಕುಳಿತ ಮಗುವಿಗೆ ಮಾವ ತುಪ್ಪದನ್ನ ತುರುಕುವುದು, ಅನ್ನ ಮೆತ್ತಿದ ಪರದೆಯನ್ನು ಅವಳು ನೆಕ್ಕುವುದು. ನಾನು ಫೋನು ಎತ್ತಿಟ್ಟರೆ ಮರುದಿನ ಅದು ಮತ್ತೆ ತಟ್ಟೆಯ ಪಕ್ಕದಲ್ಲಿ.

ಲಸಿಕೆಗೆ ಹೋದಾಗ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಹಿಂದಿನಿಂದ ಹೆಸರು ಕರೆದು ನೋಡಿದರು. ತಿರುಗಿದಳು. “ಕೊಡು” ಅಂದರೆ ಕೊಡುತ್ತಾಳಾ, ಟಾಟಾ ಮಾಡುತ್ತಾಳಾ ಎಂದು ಕೇಳಿದರು. ಮಾಡುತ್ತಾಳೆ. ಸದ್ಯಕ್ಕೆ ಗಾಬರಿ ಬೇಡ, ಆದರೆ ಬೆರಳು ತೋರಿಸುವುದು ಪೂರ್ತಿ ನಿಂತರೆ ಅಥವಾ ಮೊದಲು ಆಡುತ್ತಿದ್ದ ಸದ್ದುಗಳು ಹೋದರೆ ತಡಮಾಡದೆ ಬನ್ನಿ ಅಂದರು. ಪರದೆ ಬೇಡ. ಅವಳು ಏನು ನೋಡುತ್ತಾಳೋ ಅದರ ಬಗ್ಗೆ ಮಾತಾಡಿ, ಮನೆಯಲ್ಲಿ ಯಾವ ಭಾಷೆ ಸಲೀಸೋ ಅದರಲ್ಲೇ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ಕೆಡುವುದಿಲ್ಲ.

ಮನೆಗೆ ಬಂದು ಇದನ್ನು ಹೇಳಿದಾಗ “ಆಯಮ್ಮಂಗೇನು, ಹೇಳ್ಬಿಡ್ತಾರೆ,” ಅಂದರು ಮಾವ. “ಆಮೇಲೆ ಸ್ಕೂಲಲ್ಲಿ ನಗೋದು ಇವಳನ್ನ ನೋಡಿ.”

ಗಂಡನಿಗೆ ಹೇಳಿದೆ, “ನಿಮ್ಮಪ್ಪಂಗೆ ನೀನಾದ್ರೂ ಹೇಳು.”

“ನನ್ನನ್ನೂ ಹಾಗೇ ಬೆಳೆಸಿದ್ರು. ಏನಾಯ್ತು ಈಗ?”

“ಏನಾಯ್ತು ಅಂತ ದಿನಾ ನೋಡ್ತಿದೀನಲ್ಲ.”

ಅವನು ‘ಹೂಂ’ ಅಂದ.

ಶನಿವಾರ ಮಾವನ ಹಳೆಯ ಸಹೋದ್ಯೋಗಿ ಸುಬ್ರಹ್ಮಣ್ಯ ಬಂದರು. ಕಾಫಿ ಲೋಟ ಕೆಳಗಿಡುವ ಮೊದಲೇ ಪ್ರದರ್ಶನ ಶುರುವಾಯಿತು. “ವೇರ್ ಈಸ್ ನೋಸ್? ಶೋ ಅಂಕಲ್. ನೋಸ್, ನೋಸ್.” ಮಗು ನನ್ನ ಸೆರಗಿನಲ್ಲಿ ಮುಖ ಹುದುಗಿಸಿತು. ಮಾವ ಅವಳ ತೋರುಬೆರಳು ಹಿಡಿದೆಳೆದು ಮೂಗಿಗೆ ಒತ್ತಿದರು. ಅವಳು ಚೀರಿ ಅತ್ತಳು, ಸಿಂಬಳ ಅವರ ಕೈಗೆ ಮೆತ್ತಿತು.

“ಬಿಡೋ ಶಾಮು, ಮಗು ಅದು, ಇನ್ಸ್‌ಪೆಕ್ಷನ್ನಿಗೆ ನಿಂತ ಸ್ಟೇಷನ್ ಮಾಸ್ಟರ್ರಾ?” ಅಂದರು ಸುಬ್ರಹ್ಮಣ್ಯ.

“ಅಮ್ಮನ ಹಾಗೇ ಮೊಂಡು,” ಎಂದು ಮಾವ ನಕ್ಕು ಕೈ ಒರೆಸಿಕೊಂಡರು. ಆ ನಗುವಿಗೆ ನನಗೆ ಹೇಸಿಗೆಯಾಯಿತು. ತಮ್ಮನ್ನು ಎಬ್ಬಿಸಿ ನಿಲ್ಲಿಸಿ ಟಿಪ್ಪಣಿ ಓದಿಸಿದ ಮೇಲಧಿಕಾರಿಯ ನಗುವನ್ನೇ ಇವರೂ ಕಲಿತಿದ್ದರು.

ಅತಿಥಿ ಹೋದ ಮೇಲೆ ಜಗಳವಾಡಬೇಕೆಂದೇ ಬಾಯಿ ತೆರೆದೆ. ಆದರೆ ಸೋಮವಾರ ನಾನು ಮನೆಯಲ್ಲಿರುವುದಿಲ್ಲ. ಗೆದ್ದರೂ ಮಗು ಇವರ ಬಳಿಯೇ ಇರಬೇಕು. ಇವರಿಗೆ ಮಾತು ಬರುವುದಿಲ್ಲವೆಂದೂ ಅಲ್ಲ. ತರಕಾರಿ ಮಾರುವ, ಎಲ್ಲರೂ ‘ಮಾಸಿ’ ಎಂದು ಕರೆಯುವ ಹೆಂಗಸಿನ ಜೊತೆ ಒಂದು ಕುಂಬಳಕಾಯಿ ಹಿಡಿದು ಅರ್ಧ ಗಂಟೆ ಬಂಗಾಳಿಯಲ್ಲಿ ಹರಟುತ್ತಾರೆ. ಅವಳು ಹೇಳಿದ್ದಕ್ಕೆ ಇವರು, ಇವರು ಹೇಳಿದ್ದಕ್ಕೆ ಅವಳು. ಅಲ್ಲಿ ಯಾರೂ ಯಾರನ್ನೂ ಪರೀಕ್ಷೆ ಮಾಡುವುದಿಲ್ಲ.

“ಮಾವ, ನಾಳೆ ಕಾರ್ಡು ಬೇಡ. ತರಕಾರಿಗೆ ಹೋಗ್ತೀರಲ್ಲ, ಇವಳನ್ನೂ ಎತ್ಕೊಂಡು ಹೋಗಿ. ನಾನು ಚೀಲ ಹಿಡ್ಕೋತೀನಿ.”

“ಆ ಕೊಚ್ಚೇಲಿ ಮಗೂನ?”

“ಹೂಂ, ಆ ಕೊಚ್ಚೇಲೇ.”

ಭಾನುವಾರ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಳೆತ ಎಲೆಕೋಸು, ಮೀನಿನ ಪೊರೆ, ಕಪ್ಪು ನೀರು. ಮಾಸಿ ತನ್ಮಯಿಯ ಕೈಗೆ ದಪ್ಪ ತೊಂಡೆಕಾಯಿಯಂಥ ಒಂದು ಪಟಲಕಾಯಿ ಕೊಟ್ಟಳು. “ಈಸ್ ಇಟ್ ಗ್ರೀನ್?” ಎಂದು ಮಾವ ಶುರುಮಾಡಿದರು. ಮಗು ಕಾಯಿಯನ್ನು ಕೆಳಗೆ ಬಿಸಾಕಿತು. ನನಗೂ ಸಾಕಾಗಿತ್ತು.

ಮೂಲೆಯಲ್ಲಿ ಕೋಳಿ ಅಂಗಡಿ. ಮಾವ ಹುಟ್ಟಾ ಸಸ್ಯಾಹಾರಿ. ಆ ಅಂಗಡಿ ಬಂದರೆ ಮೂಗು ಮುಚ್ಚಿ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾರೆ. ಇವತ್ತೂ ದಾಟಹೊರಟರು. ಹೆಗಲ ಮೇಲಿದ್ದ ಮಗು ಹಿಂದಕ್ಕೆ ಬಾಗಿ, ಪಂಜರದ ಕಡೆ ಬೆರಳು ಚಾಚಿತು.

“ಆ?”

ಎಷ್ಟೋ ದಿನದ ಮೇಲೆ. ಉತ್ತರ ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮಾವ ನಿಂತರು. ರಕ್ತದ ವಾಸನೆ, ಹಾರುವ ಪುಕ್ಕ, ಮರದ ದಿಮ್ಮಿಯ ಮೇಲೆ ಏನೇನೋ. ವಾಂತಿ ಮಾಡಿಕೊಳ್ಳುತ್ತಾರೆ ಅಂದುಕೊಂಡೆ.

“ಆ?” ಮಗು ಮತ್ತೆ ಕೇಳಿ, ಈ ಸಲ ಅವರ ಮುಖವನ್ನೇ ನೋಡಿತು.

“ಕೋಳಿ,” ಅಂದರು ಮಾವ, ಹೆಗಲ ಮೇಲಿನ ಟವೆಲಿನಿಂದ ಮೂಗು ಒತ್ತಿಹಿಡಿದು. “ಕೋಳಿ ಕಣೆ.”

“ಆ?”

“ಅಯ್ಯೋ, ಕೋಳಿ ಅಂದ್ನಲ್ಲ. ನೋಡು, ಕತ್ತು ಹೇಗೆ ಕುಣಿಸ್ತದೆ. ಕೊಕ್ಕೊಕ್ಕೋ ಅಂತದೆ. ಬಿಳೀ ಕೋಳಿ. ಅದೋ, ಕಾಳು ತಿಂತಾ ಇದೆ.”

ಆಮೇಲೆ ಅವರ ಹತ್ತಿರವೂ ಪದ ಮುಗಿಯಿತೋ ಏನೋ, ಸುಮ್ಮನಾದರು. ಆ ಸುಮ್ಮನಿರುವಿಕೆಯೊಳಗೆ ಮಗು ಕತ್ತು ಹಿಂದೆ ಮುಂದೆ ಆಡಿಸಿ “ಕೊ, ಕೊ” ಅಂದಿತು. ಮಾವ ಟವೆಲು ತೆಗೆದು ತಾವೂ ಕತ್ತು ಆಡಿಸಿದರು. ಕೋಳಿ ಕತ್ತರಿಸುವವನು ಕತ್ತಿ ಕೆಳಗಿಟ್ಟು ನಗುತ್ತಿದ್ದ. ಇವರಿಗೆ ಅದರ ಪರಿವೆಯೇ ಇರಲಿಲ್ಲ.

ಮನೆಗೆ ಬಂದೊಡನೆ ಬಚ್ಚಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡರು. “ಥೂ, ಜನ್ಮದಲ್ಲಿ ಆ ಕಡೆ ತಲೆ ಹಾಕಿರಲಿಲ್ಲ,” ಎಂದು ಒಳಗಿನಿಂದಲೇ ಗೊಣಗುತ್ತಿದ್ದರು. ಮಗುವಿನ ಊಟದ ಹೊತ್ತಿಗೆ ಅವರ ಕೈ ಅಭ್ಯಾಸಬಲದಿಂದ ಫೋನಿನ ಕಡೆ ಹೋಯಿತು. ನಾನು ನೋಡುತ್ತಿದ್ದೆ. ಕೈ ಹಿಂದಕ್ಕೆ ಬಂತು, ಸಿಟ್ಟಿನಿಂದಲೇ.

ಸೋಮವಾರ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದರು.

“ಹೋಗಿ ಬಾಮ್ಮ. ಆ ಕೋಳಿಯವನು ಅಂಗಡಿ ತೆಗೆಯೋದು ಎಂಟಕ್ಕಂತೆ, ಕೇಳ್ಕೊಂಡು ಬಂದಿದೀನಿ. ಬೆಳಿಗ್ಗೆ ಬೆಳಿಗ್ಗೆ ಕೊಯ್ಯೋದಿಲ್ಲವಂತೆ. ಒಂದಷ್ಟು ಹೊತ್ತು ನಿಂತು ಬರ್ತೀವಿ.”

“ಸರಿ ಮಾವ.”

“ಯಾರಿಗೂ ಹೇಳೋಕೆ ಹೋಗ್ಬೇಡ. ಸುಬ್ಬುಗಂತೂ ಬೇಡವೇ ಬೇಡ.”