ಐವತ್ತೊಂದು ಸಾವಿರದ ಆ ಒಂದು ಸಾಲು

ಈ ಪ್ರಸಂಗವನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದರಲ್ಲಿ ನನ್ನ ಪಾತ್ರ ಸ್ವಲ್ಪ ಸ್ವಲ್ಪವಾಗಿ ಒಳ್ಳೆಯದಾಗುತ್ತ ಬಂದಿದೆ. ಕಳೆದ ವಾರ ಹಳೆಯ ಫೈಲಿನಲ್ಲಿ, ಆಗ ಪ್ರಾಯೋಜಕರಿಗೆ ಬರೆದ ಪತ್ರದ ಮೊದಲ ಕರಡು ಸಿಕ್ಕಿತು. ಅದನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಕರಡಿನಲ್ಲಿ ಇಲ್ಲದ್ದಕ್ಕೆ ನನ್ನ ನೆನಪೇ ಗತಿ.

ವಡೋದರದಲ್ಲಿ ಎಂ.ಇ. ಓದುತ್ತಿದ್ದಾಗ ನಮ್ಮ ವಿಭಾಗದ ವಿದ್ಯಾರ್ಥಿ ಸಂಘಕ್ಕೆ ನಾನು ಖಜಾಂಚಿ. ಕಾರ್ಯದರ್ಶಿ ನನ್ನ ಸಹಪಾಠಿ. ಅವಳ ತಂದೆ ಬ್ಯಾಂಕಿನ ವರ್ಗಾವಣೆಯಲ್ಲಿ ಹುಬ್ಬಳ್ಳಿಯಿಂದ ಸೂರತ್ತಿಗೆ ಬಂದವರು. ಅವಳು ಹುಟ್ಟಿ ಬೆಳೆದದ್ದು ಅಲ್ಲಿನ ಅಡಾಜಣ್‌ನ ಫ್ಲ್ಯಾಟಿನಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಮಾತಾಡುವಾಗ ಅರ್ಧಕ್ಕೇ ಹಿಂದಿಗೆ ಜಾರುತ್ತಿದ್ದಳು. ತರಗತಿಯಲ್ಲಿ ನಾವಿಬ್ಬರೇ ಕನ್ನಡದವರು. ಯಾರನ್ನಾದರೂ ಆಡಿಕೊಳ್ಳುವುದಿದ್ದರೆ ಕನ್ನಡ ನಮಗೆ ಬಹಳ ಅನುಕೂಲವಾಗಿತ್ತು.

ಆ ವರ್ಷ ವಿದ್ಯಾರ್ಥಿಗಳೇ ಮಾಡಿದ ಯಂತ್ರ ಮಾದರಿಗಳ ಎರಡು ದಿನದ ಪ್ರದರ್ಶನ ಇಟ್ಟುಕೊಂಡಿದ್ದೆವು. ಹನ್ನೊಂದು ತಂಡಗಳಿಗೆ ಸಾಮಗ್ರಿಗೆಂದು ತಲಾ ಮೂರು ಸಾವಿರ ಕೊಡುತ್ತೇವೆ ಎಂದು ಹೇಳಿಯೂ ಆಗಿತ್ತು. ಮಳಿಗೆ, ಬಹುಮಾನ, ಬರುವ ಶಾಲಾ ಮಕ್ಕಳ ತಿಂಡಿ ಎಲ್ಲ ಸೇರಿ ಐವತ್ತೊಂದು ಸಾವಿರ ಬೇಕು. ಕಾಲೇಜು ಸಭಾಂಗಣ ಕೊಟ್ಟಿತು, ಹಣ ಕೊಡಲಿಲ್ಲ. ಒಂಬತ್ತು ಕಂಪನಿಗಳಿಗೆ ಪತ್ರ ಕಳಿಸಿದ್ದೆವು. ಉತ್ತರ ಬಂದದ್ದು ಅದೇ ಊರಿನ ಗೋರ್ವಾ ಬಡಾವಣೆಯ ಒಂದೇ ಒಂದು ಕಾರ್ಖಾನೆಯಿಂದ. ಪಂಪಿನೊಳಗಿನ ದ್ರವ ಹೊರಗೆ ಸೋರದಂತೆ ತಡೆಯುವ ಸೀಲುಗಳನ್ನು ಅಲ್ಲಿ ತಯಾರಿಸುತ್ತಿದ್ದರು.

ಪತ್ರ ಬರೆದವನು ನಾನು. ಪ್ರಾಯೋಜಕರಿಗೆ ಮೂರು ದರ್ಜೆ ಮಾಡಿದ್ದೆ: ಐವತ್ತು ಸಾವಿರ, ಇಪ್ಪತ್ತು, ಹತ್ತು. ಅವಳು ನೋಡಿ ನಕ್ಕಳು. “ಅರೇ ಯಾರ್, ಇಲ್ಲಿ ಶುಭಕ್ಕೆ ಸೊನ್ನೆಯಲ್ಲಿ ಮುಗಿಯೋ ಮೊತ್ತ ಕೇಳ್ತಾರಾ? ಒಂದು ಹಾಕು.” ಹಾಗೆ ಅದು ಐವತ್ತೊಂದು, ಇಪ್ಪತ್ತೊಂದು, ಹನ್ನೊಂದು ಸಾವಿರವಾಯಿತು. ಐವತ್ತೊಂದು ಕೊಟ್ಟವರಿಗೆ ವೇದಿಕೆಯ ಬ್ಯಾನರಿನಲ್ಲಿ ದೊಡ್ಡ ಹೆಸರು, ಬಾಗಿಲ ಬಳಿ ಮಳಿಗೆ, ಐದು ನಿಮಿಷದ ಭಾಷಣ, ‘ಮೂರು ಸಾವಿರ ವೀಕ್ಷಕರು’. ಕೊನೆಯಲ್ಲಿ ಒಂದು ಸಾಲು: ಅಂತಿಮ ವರ್ಷದ ಎಲ್ಲ ವಿದ್ಯಾರ್ಥಿಗಳ ಬಯೋಡೇಟಾ ಮತ್ತು ಫೋನ್ ನಂಬರುಗಳ ಪಟ್ಟಿ. ಬೇರೆ ಕಾಲೇಜಿನ ಪತ್ರದಿಂದ ಇಳಿಸಿಕೊಂಡ ಸಾಲು ಅದು. ಮೂರು ಸಾವಿರವೂ ಅಲ್ಲಿಯದೇ. ಅವಳು ದರ್ಜೆಗಳನ್ನಷ್ಟೇ ನೋಡಿದ್ದಳು, ಉಳಿದದ್ದನ್ನು ಓದಿರಲಿಲ್ಲ.

ಇಬ್ಬರೂ ಆ ಕಾರ್ಖಾನೆಗೆ ಹೋದೆವು. ಅದರ ಮಾಲೀಕರಿಗೆ ಅರವತ್ತು ದಾಟಿತ್ತು. ಕೆಲಸಗಾರರಿಂದ ಹಿಡಿದು ಲೆಕ್ಕಿಗನವರೆಗೆ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾವೂ ಅಂದೆವು. “ಬೇಸೋ, ಬೇಸೋ,” ಎಂದು ಕೂರಿಸಿ ಚಹಾ ತರಿಸಿದರು. ನಮ್ಮ ಪತ್ರವನ್ನು ಮೇಜಿನ ಮೇಲೆ ಹರಡಿ, ಪ್ರತಿ ಸಾಲಿನ ಕೆಳಗೂ ಸ್ಟೀಲ್ ಸ್ಕೇಲು ಇಟ್ಟು ಓದತೊಡಗಿದರು. ಅಷ್ಟು ಗಮನವಿಟ್ಟು ನನ್ನ ಪ್ರಬಂಧವನ್ನು ನನ್ನ ಗೈಡ್ ಕೂಡ ಓದಿರಲಿಲ್ಲ.

“ಮೂರು ಸಾವಿರ ಜನ. ಎಣಿಸಿದ್ದು ಯಾರು?” ಹಿಂದಿಯಲ್ಲಿ ಕೇಳಿದರು.

ನಾನು ಚಹಾದ ಕಡೆ ನೋಡಿದೆ. ಅವಳು ಅಂದಳು: “ಕಾಕಾ, ಹೋದ ವರ್ಷದ ರಿಜಿಸ್ಟರಿನಲ್ಲಿ ಆರುನೂರ ಚಿಲ್ಲರೆ ಹೆಸರಿದೆ. ಅರ್ಧಕ್ಕಿಂತ ಹೆಚ್ಚು ಶಾಲೆ ಮಕ್ಕಳು.”

“ಅಂದ್ರೆ ಐದನೇ ಕ್ಲಾಸಿನ ಹುಡುಗ ಅಮ್ಮನ ಹತ್ತಿರ ಹಠ ಮಾಡ್ತಾನೆ, ಮಮ್ಮಿ ನಂಗೆ ಪಂಪ್ ಸೀಲ್ ಕೊಡಿಸು ಅಂತ!” ಕಾಕಾ ನಕ್ಕು ಪೆನ್ಸಿಲಿನಿಂದ ಆ ಸಾಲಿಗೆ ಗೀಟು ಹಾಕಿದರು. ಬ್ಯಾನರಿಗೂ ಗೀಟು. “ಭಾಷಣಾನಾ? ನಾನು ಮನೇಲೇ ಬಾಯಿ ಬಿಡಲ್ಲ.” ಅದಕ್ಕೂ ಗೀಟು. ಸ್ಕೇಲು ಕೊನೆಯ ಸಾಲಿಗೆ ಬಂದು ನಿಂತಿತು.

“ಇದು ಬೇಕು. ಓದಿದ ಹುಡುಗರು ನನ್ನ ಹತ್ತಿರ ಬರಲ್ಲ, ದೊಡ್ಡ ಕಂಪನಿಗೆ ಓಡ್ತಾರೆ. ಈ ಪಟ್ಟಿ ಕೊಡಿ, ಐವತ್ತೊಂದೂ ನಾನೇ ಕೊಡ್ತೀನಿ. ಇವತ್ತೇ.”

ಹಣದ ಚಿಂತೆ ತೀರಿತು ಎಂದುಕೊಂಡೆ. ಆದರೆ ಅವಳು, ಆ ಪಟ್ಟಿ ಕೊಡಲಾಗುವುದಿಲ್ಲ, ಯಾರನ್ನೂ ಕೇಳಿಲ್ಲ ಎಂದಳು. ನನಗೆ ತಡೆಯಲಾಗಲಿಲ್ಲ. ನಗುಮುಖ ಬಿಡದೆ, ಕನ್ನಡದಲ್ಲಿ ಅಂದೆ: “ಒಪ್ಕೋ ಮಾರಾಯ್ತಿ. ಹನ್ನೊಂದು ಟೀಮು ಕಾಯ್ತಿದೆ. ಆಮೇಲೆ ಕೇಳ್ಕೊಂಡ್ರಾಯ್ತು.”

ಕಾಕಾ ಅವಳನ್ನು ಕೇಳಿದರು, “ಏನಂತಾನೆ?”

ಏನಾದರೂ ಹೇಳಿ ತೇಲಿಸುತ್ತಾಳೆಂದುಕೊಂಡಿದ್ದೆ. ಅವಳು ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿಬಿಟ್ಟಳು: “ಒಪ್ಪಿಕೋ ಅಂತಿದ್ದಾನೆ ಕಾಕಾ. ಹನ್ನೊಂದು ಟೀಮು ಕಾಯ್ತಿದೆ, ಆಮೇಲೆ ಕೇಳಿದರಾಯ್ತು ಅಂತ.” ನನ್ನ ಕಡೆ ತಿರುಗಿದಾಗಲೂ ಹಿಂದಿಯಲ್ಲೇ ಅಂದಳು: “ನಂಬರ್ ಅವರದು. ಮಾರೋಕೆ ನಾವ್ಯಾರು?”

ಮೇಜಿನ ಕೆಳಗೆ ಅವಳ ಕಾಲಿಗೆ ಒದ್ದೆ ಎಂದು ನನ್ನ ನೆನಪು. ಒದ್ದಿರಲಿಕ್ಕಿಲ್ಲ, ಒದೆಯಬೇಕೆನ್ನಿಸಿರಬೇಕು. ನಾಚಿಕೆಯಾದದ್ದು ಮಾತ್ರ ಖಂಡಿತ ನಿಜ. ಅದು ಈಗಲೂ ಆಗುತ್ತಿದೆ.

ಕಾಕಾ ಸ್ಕೇಲನ್ನು ಡ್ರಾಯರಿಗೆ ಹಾಕಿದರು. ಮಾತು ಮುಗಿಯಿತು ಎಂದುಕೊಂಡೆ. ಅವರು ನನ್ನನ್ನು ನೋಡಿ, “ನಿನಗೆ ಸೇಲ್ಸ್ ಕೆಲಸ ಚೆನ್ನಾಗಿ ಸಿಗುತ್ತೆ,” ಅಂದರು. ಅವಳನ್ನು ಮಾತ್ರ ‘ಮಗೂ’ ಎಂಬರ್ಥದಲ್ಲಿ ಕರೆದು ಕೇಳಿದರು: “ಸರಿ ದೀಕರಾ, ಕೊಡಲಾಗದ್ದು ಗೊತ್ತಾಯ್ತು. ಕೊಡಲಾಗೋದು ಏನು?”

ಅವಳು ಮೇಜಿನ ಮೇಲಿದ್ದ ಆ ಪತ್ರವನ್ನೇ (ಈಗ ನನ್ನೆದುರಿಗಿರುವ ಕರಡು ಅದೇ) ತನ್ನ ಕಡೆ ಎಳೆದುಕೊಂಡು ಹಸಿರು ಪೆನ್ನಿನಲ್ಲಿ ಆ ಸಾಲನ್ನು ಹೊಡೆದಳು. (ನಾನೇ ಹೊಡೆದದ್ದೆಂದು ಎರಡು ಮೂರು ಕಡೆ ಹೇಳಿದ್ದೇನೆ. ಹಸಿರು ಪೆನ್ನು ನನ್ನಲ್ಲಿ ಯಾವತ್ತೂ ಇರಲಿಲ್ಲ.) ಪಕ್ಕದಲ್ಲಿ ಬರೆದಳು: ಮಳಿಗೆಯಲ್ಲಿ ಸೋರುವ ಸೀಲೊಂದನ್ನು ಕಾಕಾ ಇಡಬಹುದು, ಯಾಕೆ ಸೋರುತ್ತಿದೆ ಎಂದು ವಿದ್ಯಾರ್ಥಿಗಳು ಹುಡುಕಲಿ, ಇಷ್ಟವಿದ್ದವರು ತಮ್ಮ ಹೆಸರು, ನಂಬರು ತಾವೇ ಅಲ್ಲಿ ಬರೆದು ಹೋಗಲಿ. “ಇಷ್ಟೇ ಕಾಕಾ. ಎಷ್ಟು ಜನ ಬರೀತಾರೆ ಅಂತ ಹೇಳಲಾರೆ.”

“ಹುಡುಕೋದನ್ನ ನಾನು ಎದುರಿಗೇ ನಿಂತು ನೋಡಬಹುದಾ?”

“ಎರಡು ದಿನಾನೂ ನೋಡಿ.”

“ಚಾಲ್ಶೆ,” ಅಂದರು ಕಾಕಾ. ಆಗಬಹುದು ಎಂದರ್ಥ. ಆದರೆ ಇದಕ್ಕೆ ಐವತ್ತೊಂದು ಬೆಲೆಯಿಲ್ಲ, ಮೂವತ್ತೊಂದು ಎಂದರು. ನಮ್ಮ ಪತ್ರದಲ್ಲಿ ಅಂಥ ದರ್ಜೆಯೇ ಇರಲಿಲ್ಲ. ಕೊಡುವುದನ್ನಷ್ಟೇ ಬರೆದು, ವಿಭಾಗದ ಮುಖ್ಯಸ್ಥರ ಸಹಿ ಮಾಡಿಸಿ ಹೊಸ ಪತ್ರ ತನ್ನಿ, ಚೆಕ್ಕು ಕಾಲೇಜಿನ ಹೆಸರಿಗೆ, ರಸೀದಿ ಬೇಕು ಎಂದರು. ಮೂರನೆಯ ದಿನ ಹೊಸ ಪತ್ರಕ್ಕೂ ಅದೇ ಸ್ಕೇಲು ಇಟ್ಟು ಓದಿದರು. ಒಂದು ಗೀಟೂ ಬೀಳಲಿಲ್ಲ. ಚೆಕ್ಕು ಬರೆದರು.

ಇಪ್ಪತ್ತು ಸಾವಿರ ಕಡಿಮೆ ಬಿತ್ತು. ಬೇರೆ ಯಾರೂ ಕೊಡಲಿಲ್ಲ. ಬಹುಮಾನ ಕೈಬಿಟ್ಟೆವು, ಸಮೋಸದ ಜಾಗಕ್ಕೆ ಬಿಸ್ಕತ್ತು ಬಂತು, ತಂಡಗಳಿಗೆ ಮೂರರ ಬದಲು ಎರಡು ಸಾವಿರ. ಅದನ್ನು ಗ್ರೂಪಿನಲ್ಲಿ ಒಂದು ಮೆಸೇಜು ಹಾಕಿ ಮುಗಿಸೋಣ ಎಂದೆ. ಅವಳು ಒಪ್ಪದೆ ಹನ್ನೊಂದು ತಂಡಗಳ ಹತ್ತಿರವೂ ತಾನೇ ಹೋದಳು. ನಾನು ಹಿಂದೆ ಹಿಂದೆ ಹೋದೆ.

ನೀರೆತ್ತುವ ಯಂತ್ರ ಮಾಡುತ್ತಿದ್ದ ಅಂತಿಮ ವರ್ಷದ ತಂಡದ ನಾಯಕ ಅರ್ಧ ಕೊರೆದ ಪೈಪನ್ನು ಕೆಳಗಿಟ್ಟು ರೇಗಿದ. “ಮೂರು ಅಂದಿದ್ರಿ. ಮೋಟಾರು ಯಾರಪ್ಪ ಕೊಡ್ತಾನೆ?”

ಅವಳು ನಡೆದದ್ದನ್ನೆಲ್ಲ ಹೇಳಿದಳು.

“ಅಷ್ಟಕ್ಕಾ? ನನ್ನ ನಂಬರು ಇಡೀ ವಡೋದರದ ಪಿಜ್ಜಾ ಅಂಗಡಿಗಳ ಹತ್ತಿರ ಇದೆ! ಕೇಳಿದ್ರೆ ಕೊಡ್ತಿದ್ದೆ.”

“ಕೇಳಿರಲಿಲ್ಲವಲ್ಲ,” ಅಂದಳು ಅವಳು.

ಅವನು ಆ ಎರಡು ಸಾವಿರಕ್ಕೆ ಸಹಿ ಹಾಕಿ, ಕಾಕಾನ ಮಳಿಗೆ ಯಾವ ಕಡೆ ಬರುತ್ತದೆ ಎಂದು ಕೇಳಿದ.