ಹೊನ್ನಮ್ಮನ ಗಾಡಿಗೆ ನಂಬರ್ ಬಂದದ್ದು

ತಮಿಳುನಾಡಿನ ಪೆನ್ನಾಗರಂ ಕಡೆಯ ಕನ್ನಡತಿ, ಹೂವಿನ ಹೊನ್ನಮ್ಮನಿಗೆ ನಲವತ್ತೈದು ದಾಟಿದ ಮೇಲೆ ಗಾಡಿಯ ಹುಚ್ಚು ಹಿಡಿಯಿತು. ಕನಕಾಂಬರದ ಬುಟ್ಟಿ ಹೊತ್ತು ಊರೂರು ಸುತ್ತುವಾಗ, ಗಾಡಿಯ ಮೇಲೆ ಕೂತು ಕಾಲು ನೆಲ ಬಿಟ್ಟು ತೇಲುತ್ತಿರುವಂತೆ ಅವಳಿಗೆ ಅನ್ನಿಸುತ್ತಿತ್ತು. ಮಗಳು ಜೀವಿತಾ ಕೊಯ್ಲಾದ ರಾಗಿ ಹೊಲದಲ್ಲಿ ಅವಳಿಗೆ ಮೊಪೆಡ್ ಓಡಿಸುವುದನ್ನು ಕಲಿಸಿದಳು. ಲೈಸೆನ್ಸೂ ಬಂತು. ಗಂಡ ಮುರುಗೇಶ್ ಒಳ್ಳೆಯವನೇ, ಆದರೆ ಮನೆ, ಹೊಲ, ಕರೆಂಟ್ ಬಿಲ್ಲು ಎಲ್ಲವೂ ಅವನ ಹೆಸರಿನಲ್ಲಿದ್ದವು. ಗಾಡಿಯಾದರೂ ತನ್ನ ಹೆಸರಿನಲ್ಲಿ ಇರಲಿ ಎಂಬುದೊಂದೇ ಅವಳ ಹಟ.

ಆ ಹೆಸರೇ ತಕರಾರಿನದು. ನಮ್ಮ ಕಡೆಯ ನಾಲಿಗೆಗೆ ಹಕಾರ ಹೇಳಲು ಮಹಾ ಸೋಮಾರಿತನ. ಊರಿಗೆಲ್ಲ ಅವಳು ಒನ್ನಮ್ಮ, ಹೆತ್ತ ತಾಯಿಗೂ ಒನ್ನಾ. ಸಂಜೆ ದೂರದ ಬದುವಿನ ಮೇಲೆ ನಿಂತು ಕೂಗುವಾಗ ಮಾತ್ರ ತಾಯಿಯ ಎದೆಯಿಂದ ಉಸಿರೆದ್ದು “ಹೊನ್ನಾ...” ಎಂದು ಹೊರಡುತ್ತಿತ್ತು. ಮೇಯುವ ಕುರಿಗಳೂ ತಲೆ ಎತ್ತುತ್ತಿದ್ದವು. ತಾಯಿ ತೀರಿಹೋದ ಮೇಲೆ ಆ ಹಕಾರ ಆಧಾರ್ ಕಾರ್ಡಿನಲ್ಲಷ್ಟೇ ಉಳಿದಿತ್ತು.

ಗಾಡಿ ಕೊಂಡದ್ದು ಸೇಲಂನಲ್ಲಿ. ಶೋರೂಮಿನ ಪ್ರೇಮ್‌ಕುಮಾರ್ ಇನ್ಶೂರೆನ್ಸ್ ಮಾಡಿಸಲು ಕೂತು, ತಮಿಳಿನಲ್ಲಿ “ಪೇರು ಎನ್ನಮ್ಮಾ?” ಎಂದು ಕೇಳಿದ. ಇವಳು “ಒನ್ನಮ್ಮ” ಎಂದಳು. ಅವನದು ತಮಿಳು ಕಿವಿ. ಪಾಪ, ಹಳ್ಳಿ ಹೆಂಗಸು ‘ಪ’ ನುಂಗಿದ್ದಾಳೆ ಎಂದುಕೊಂಡು ‘ಪೊನ್ನಮ್ಮ’ ಎಂದು ಬರೆದ. ಅರ್ಜಿಗೆ ಮತ್ತು ಟ್ಯಾಕ್ಸ್ ರಸೀದಿಗೆ ಮಾತ್ರ ಆಧಾರ್ ನೋಡಿಯೇ ಹೆಸರು ಹಾಕಿದ. ಹಳದಿ ಕಾಗದದ ಮೇಲೆ ಕೆಂಪು ಅಕ್ಷರದ ತಾತ್ಕಾಲಿಕ ನಂಬರ್ ಅಂಟಿಸಿ, “ಧರ್ಮಪುರಿ ಆರ್‌ಟಿಒದಲ್ಲಿ ಗಾಡಿ ತೋರಿಸಿ, ಕಾಯಂ ನಂಬರ್ ಆಗುತ್ತೆ” ಎಂದು ಕಳಿಸಿದ. ಮುರುಗೇಶನ ಹಿಂದೆ ಕೂತು ತೊಪ್ಪೂರು ಘಾಟಿ ಹತ್ತುವಾಗ ಗುಡ್ಡಗಳೇ ತನ್ನ ಜೊತೆ ಬರುತ್ತಿವೆ ಎಂದು ಹೊನ್ನಮ್ಮನಿಗೆ ಅನ್ನಿಸಿತು.

ಆರ್‌ಟಿಒ ಮೈದಾನದಲ್ಲಿ ಬೇವಿನ ನೆರಳಿತ್ತು. ಇನ್‌ಸ್ಪೆಕ್ಟರ್ ಕಲೈಸೆಲ್ವಿ ಬಗ್ಗಿ, ಗಾಡಿಯ ಚಾಸಿ ಚೌಕಟ್ಟಿನ ಮೇಲೆ ಕೊರೆದ ನಂಬರನ್ನು ಅರ್ಜಿಗೆ ಅಂಟಿಸಿದ್ದ ಪೆನ್ಸಿಲ್ ಅಚ್ಚಿನ ಜೊತೆ ತಾಳೆ ನೋಡಿದರು. ಸರಿಯಾಗಿತ್ತು. ಆಮೇಲೆ ಕಾಗದಗಳನ್ನು ತಿರುವಿ ಹಾಕಿ ನಕ್ಕರು.

“ಟ್ಯಾಕ್ಸ್ ರಸೀದಿಯಲ್ಲಿ ಒಬ್ಬರು, ಇನ್ಶೂರೆನ್ಸಿನಲ್ಲಿ ಇನ್ನೊಬ್ಬರು. ಇವರಲ್ಲಿ ನೀವು ಯಾರಮ್ಮಾ?” ಎಂದು ತಮಿಳಿನಲ್ಲೇ ಕೇಳಿದರು.

ಮುರುಗೇಶ್ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. “ಪೊನ್ನಮ್ಮ ಅಂತ್ಲೇ ಇರ್ಲಿ ಬುಡು ಲೇ. ಒನ್ನೂ ಪೊನ್ನೂ ಎಲ್ಡೂ ಚಿನ್ನಾನೇ ಅಲ್ವಾ? ಆಧಾರ್ ಕಾರ್ಡ್ನೇ ಬದ್ಲಾಯ್ಸಿದ್ರಾಯ್ತು.”

ಹೊನ್ನಮ್ಮನಿಗೆ ಮೈಯೆಲ್ಲ ಉರಿಯಿತು. ಇರುವುದೊಂದು ಹೆಸರು, ಅದನ್ನೂ ಬಿಟ್ಟುಬಿಡು ಅನ್ನುತ್ತಾನಲ್ಲ! “ಓಗಯ್ಯಾ ನೀನು,” ಎಂದು ಗದರಿ ಕಣ್ಣು ಮುಚ್ಚಿದಳು. ಮೈದಾನ ಕರಗಿ ಹೊಲವಾಯಿತು. ದೂರದ ಬದುವಿನ ಮೇಲೆ ಯಾರೋ ನಿಂತಿದ್ದರು. ಅಲ್ಲಿಗೂ ಕೇಳುವ ಹಾಗೆ ಎದೆಯಿಂದ ಉಸಿರೆಳೆದು ಹೇಳಿದಳು:

“ಹೊನ್ನಮ್ಮ!”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇವಳ ಕೆನ್ನೆ ಕೆಂಪಾಯಿತು, ಬಾಯಿ ಮಾತ್ರ ನಗುತ್ತಿತ್ತು.

“ಹಾಗಾದರೆ ಇನ್ಶೂರೆನ್ಸ್ ತಿದ್ದಿಸಿಕೊಂಡು ಬನ್ನಿ. ಹೆಸರು ಒಂದೇ ಆಗದೆ ಸಹಿ ಹಾಕೋಕಾಗಲ್ಲ,” ಎಂದರು ಕಲೈಸೆಲ್ವಿ. ದನಿಯಲ್ಲಿ ಕೋಪವಿರಲಿಲ್ಲ.

ಫೋನಿನಲ್ಲಿ ಪ್ರೇಮ್‌ಕುಮಾರ್ ಕ್ಷಮೆ ಕೇಳಿ, ಆಧಾರ್ ನಕಲನ್ನು ಇನ್ಶೂರೆನ್ಸ್ ಕಂಪನಿಗೆ ಕಳಿಸಿದ. ತಿದ್ದುಪಡಿ ಕಾಗದ ಬರುವ ತನಕ ಗಾಡಿ ಅಂಗಳದ ಹುಣಸೆ ಮರದಡಿ ನಿಂತಿತ್ತು. ಹೊನ್ನಮ್ಮ ಬೆಳಗ್ಗೆ ಎದ್ದು ಅದರ ಸೀಟು ಒರೆಸುತ್ತಿದ್ದಳು, ಅದಕ್ಕೂ ಒಂದು ಮೊಳ ಹೂ ಮುಡಿಸುತ್ತಿದ್ದಳು. ಜೀವಿತಾಳಿಗೆ ನಗುವೋ ನಗು.

ಎರಡನೆಯ ಸಲ ಹೋದಾಗ ಎಲ್ಲ ಸಲೀಸಾಯಿತು. ನಂಬರ್ ಬಂತು, TN 29ರ ಸರಣಿಯದು. ಶೋರೂಮಿನ ಧರ್ಮಪುರಿ ಶಾಖೆಯಲ್ಲಿ ಹಳದಿ ಕಾಗದ ಕಿತ್ತು, ಬಿಳಿ ತಗಡಿನ ಪ್ಲೇಟು ಕೂರಿಸಿ, ಬಿಚ್ಚಲಾಗದ ಹಾಗೆ ಲಾಕ್ ಒತ್ತಿದರು. ಕೆಲವು ದಿನಗಳ ಮೇಲೆ ಆರ್‌ಸಿ ಕಾರ್ಡು ಸ್ಪೀಡ್ ಪೋಸ್ಟಿನಲ್ಲಿ ಬಂತು. ಓದಲು ಬಾರದಿದ್ದರೂ ಅವಳು ಇಂಗ್ಲಿಷ್ ಹೆಸರಿನ ಮೊದಲ ಅಕ್ಷರವನ್ನು ಮಗಳಿಂದ ತೋರಿಸಿಕೊಂಡಳು. ಎರಡು ಗೂಟ, ನಡುವೆ ಒಂದು ಅಡ್ಡಪಟ್ಟಿ. “ಇದೇ ನಿನ್ ಎಸ್ರಿನ ಉಸ್ರು ಕಣವ್ವಾ,” ಎಂದಳು ಜೀವಿತಾ.

ಮಾರನೆಯ ಬೆಳಗ್ಗೆ ಬುಟ್ಟಿ ಕಟ್ಟಿಕೊಂಡು ಹೊನ್ನಮ್ಮ ಒಬ್ಬಳೇ ಹೊರಟಳು. ಬದುಗಳ ಮೇಲೆ ಮಂಜು ಮಲಗಿತ್ತು. ಇಳಿಜಾರಿನಲ್ಲಿ ವೇಗ ಏರಿದಾಗ ಗಾಳಿ ಕಿವಿಯ ಪಕ್ಕ ಹೊ... ಹೊ... ಎಂದು ಸುಳಿಯಿತು. ಎಷ್ಟೋ ವರ್ಷಗಳಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಅವಳಿಗೆ ಅಳು ಬಂತು.

“ಬಂದೆ ಕಣವ್ವಾ,” ಎಂದಳು.