ಮಂದಾತಾಯಿಯ ಅಡುಗೆಮನೆ ಮತ್ತು ವಾಮನಕಾಕಾನ ಫೋಟೊ

ಮಂದಾಕಿನಿ ಪೆಂಢಾರಕರ್ ಅವರಿಗೆ ಹೇಸಿಗೆಯಾಗದ ವಸ್ತು ಡೊಂಬಿವಲಿಯಲ್ಲಿ ಬಹಳ ಕಡಿಮೆ. ಹಾಲಿನ ಪ್ಯಾಕೆಟ್ಟನ್ನು ಸೋಪು ಹಚ್ಚಿ ತೊಳೆಯದೆ ಅವರು ಕತ್ತರಿಸಿದವರಲ್ಲ. ತರಕಾರಿಯವನು ಎಂಜಲು ಬೆರಳಿನಿಂದ ಕೊತ್ತಂಬರಿ ಬಿಡಿಸಿ ಕೊಟ್ಟನೆಂದು ಅದನ್ನು ಅವನ ಬುಟ್ಟಿಗೇ ಹಿಂತಿರುಗಿಸಿ ಬಂದದ್ದುಂಟು. ಪಾರಿಜಾತ ಸೊಸೈಟಿಯ ಮೂರು ಮಹಡಿಗಳ ಜನರೂ ಅವರ ಈ ಸ್ವಭಾವವನ್ನು ಆಡಿಕೊಂಡು ನಗುತ್ತಿದ್ದರು. ನಗುತ್ತಲೇ ಅವರ ಕೈಯ ಪೋಳಿಯನ್ನು ದುಡ್ಡು ಕೊಟ್ಟು ಕೊಂಡು ತಿನ್ನುತ್ತಿದ್ದರು. ತೆಳ್ಳಗೆ, ಬಟ್ಟೆಯಂತೆ ಮಡಚಿಕೊಳ್ಳುವ ಆ ಚಪಾತಿಗಳು ದಿನವೂ ಬೆಳಿಗ್ಗೆ ಲೋಕಲ್ ರೈಲು ಹತ್ತುವವರ ಡಬ್ಬಿಗಳಲ್ಲಿ ಮುಂಬಯಿಗೆ ಹೋಗುತ್ತಿದ್ದವು.

ಕೊಂಕಣದ ಚಿಪಳೂಣಿನಿಂದ ಸೊಸೆಯಾಗಿ ಬಂದಾಗ ಮಂದಾತಾಯಿಗೆ ಈ ಊರಿನ ನೀರಿನ ವಾಸನೆಯೇ ಸೇರಿರಲಿಲ್ಲ. ಗಂಡ ಶರದರಾವ್ ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು, ಮೆದು ಮಾತಿನ ಮನುಷ್ಯ. ನೆಲಮಹಡಿಯ ಈ ಮನೆ ಕೊಂಡಾಗ ಹೆಂಡತಿಗಾಗಿ ಅಡುಗೆಮನೆಯ ನೆಲವನ್ನೂ ಕಟ್ಟೆಯನ್ನೂ ಕರಿ ಕಡಪಾ ಕಲ್ಲಿನಲ್ಲಿ ತಾವೇ ನಿಂತು ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಆ ಕಟ್ಟೆಯೇ ಮಂದಾತಾಯಿಯನ್ನು ಸಾಕಿತು. ಲಟ್ಟಣಿಗೆ, ಕಾವಲಿ, ಹಿಟ್ಟು ಕಲಸುವ ಪರಾತ, ಒಲೆ, ಅಷ್ಟೇ ಅವರ ಸಂಸ್ಥಾನ. ಅಲ್ಲಿಗೆ ಚಪ್ಪಲಿ ಹಾಕಿಕೊಂಡು ಕಾಲಿಟ್ಟವರಿಲ್ಲ.

ಆಷಾಢದ ಒಂದು ಬೆಳಿಗ್ಗೆ ಆ ಸಂಸ್ಥಾನದ ಬಾಗಿಲಿಗೆ ಕೊಚ್ಚೆ ಬಂತು. ಬಚ್ಚಲಿನ ಜಾಲರಿಯಿಂದ ಗುಳುಗುಳು ಸದ್ದು ಬಂತು. ಬೂದುಬಣ್ಣದ ನೀರು, ಅದರ ಮೇಲೆ ಸೋಪಿನ ನೊರೆ, ನೊರೆಯಲ್ಲಿ ಯಾರದೋ ಮನೆಯ ಶ್ಯಾವಿಗೆ. ಮಂದಾತಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಮೆಟ್ಟಿಲ ಬಳಿ ಓಡಿದರು.

"ಯಾರೂ ನೀರು ಬಿಡಬೇಡಿ! ಎಲ್ಲಾ ನನ್ನ ಮನೆಗೆ ಬರ್ತಾ ಇದೆ!"

"ಐದೇ ನಿಮಿಷ, ಕಾಕೂ," ಮೇಲಿನಿಂದ ಒಂದು ಹೆಂಗಸಿನ ದನಿ. "ಮಷೀನು ಹಾಕಿಬಿಟ್ಟಿದ್ದೀನಿ, ಮಧ್ಯದಲ್ಲಿ ನಿಲ್ಲಿಸಿದ್ರೆ ಬಟ್ಟೆ ಹಾಳಾಗುತ್ತೆ."

ಐದು ನಿಮಿಷವಾಗುವ ಹೊತ್ತಿಗೆ ನೀರು ಅಡುಗೆಮನೆಯ ಹೊಸಿಲು ಮುಟ್ಟಿತ್ತು.

ಹತ್ತು ಗಂಟೆಗೆ ಸೊಸೈಟಿಯ ಕಾರ್ಯದರ್ಶಿ ಜಯವಂತ ದಿಘೆ ಬಂದರು, ಜೊತೆಗೆ ಗುತ್ತಿಗೆದಾರ ಮ್ಹಾತ್ರೆ. ದಿಘೆ ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದು ಕೈಯಿಂದ ಅಡುಗೆಮನೆಯ ನೆಲ ತೋರಿಸಿದರು. "ಕೊಳಚೆ ಲೈನು ಇದರ ಕೆಳಗೇ ಹೋಗಿರಬೇಕು. ಒಡೀಲೇಬೇಕು, ತಾಯಿ. ನಾಳೆ ಬೆಳಿಗ್ಗೆ ಶುರು."

"ನನ್ನ ಅಡುಗೆಮನೆ ಒಡೀತೀರಾ?"

"ಮತ್ತೆ ಮಾಡಿಸಿಕೊಡ್ತೀವಿ. ಹೊಸಾ ಟೈಲ್ಸು."

"ಎಷ್ಟು ದಿನ?"

ಮ್ಹಾತ್ರೆ ತಲೆ ಕೆರೆದುಕೊಂಡ. "ಮಳೆಗಾಲ ನೋಡಿ, ಅಮ್ಮಾ. ಗಣಪತಿ ಹಬ್ಬದೊಳಗೆ ಆಗಬಹುದು."

ಹಬ್ಬಕ್ಕೆ ಎರಡು ತಿಂಗಳಿತ್ತು. ಎರಡು ತಿಂಗಳು ಪೋಳಿ ಇಲ್ಲದಿದ್ದರೆ ಮನೆಗಳು ಬೇರೆ ಕೈ ಹುಡುಕಿಕೊಳ್ಳುತ್ತವೆ. ಹೋದ ಡಬ್ಬಿ ಮರಳಿ ಬರುವುದಿಲ್ಲವೆಂದು ಮಂದಾತಾಯಿಗೆ ಗೊತ್ತಿತ್ತು.

"ಲೈನು ಇಲ್ಲಿಲ್ಲ, ದಿಘೆಭಾವೂ," ಅವರು ಗಟ್ಟಿಯಾಗಿ ಹೇಳಿದರು. "ಅಂಗಳ ಅಗೆದು ಹೊಸ ಪೈಪು ಹಾಕಿದಾಗ ಚೇಂಬರು, ಆ ಮುಚ್ಚಳದ ಗುಂಡಿ, ಹೊರಗೇ ಕಟ್ಟಿದ್ರು. ನಾನು ನೋಡಿದ್ದೀನಿ. ಆಮೇಲೆ ನೀವೇ ಅದರ ಮೇಲೆ ಟೈಲ್ಸ್ ಹಾಕಿಸಿ ಮುಚ್ಚಿಬಿಟ್ರಿ. ವಾಮನಕಾಕಾ ಫೋಟೊ ತೆಗೆದು ನಮ್ಮ ಸೊಸೈಟಿ ಗ್ರೂಪಿಗೆ ಹಾಕಿದ್ರಲ್ಲ!"

"ಹೊರಗೆ ಅಂದ್ರೆ ಎಲ್ಲಿ? ಅಂಗಳ ಪೂರ್ತಿ ಒಡೀಲಾ? ಫೋಟೊ ಇದ್ರೆ ತೋರಿಸಿ."

"ಸರಿಯಾದ ಜಾಗ ನನಗೆ ನೆನಪಿಲ್ಲ. ಫೋಟೊ ನಿಮ್ಮ ಫೋನಿನಲ್ಲೂ ಇರಬೇಕಲ್ಲ."

"ಫೋನು ಹ್ಯಾಂಗ್ ಆಗ್ತಿತ್ತು. ಗ್ರೂಪಿನ ಹಳೇದೆಲ್ಲ ಅಳಿಸಿಬಿಟ್ಟೆ."

ಸಮಿತಿಯ ಉಳಿದವರ ಉತ್ತರವೂ ಹೆಚ್ಚು ಕಡಿಮೆ ಇದೇ. ಒಬ್ಬರು ಫೋನು ಬದಲಿಸಿದ್ದರು. ಇಬ್ಬರು ಟೈಲ್ಸ್ ಹಾಕಿದ ಮೇಲೆ ಮನೆ ಕೊಂಡು ಗ್ರೂಪು ಸೇರಿದವರು, ಅವರಿಗೆ ಹಿಂದಿನ ಸಂದೇಶಗಳೇ ಕಾಣಿಸುತ್ತಿರಲಿಲ್ಲ. ಫೋಟೊ ತೆಗೆದ ವಾಮನ ಸಾಠ್ಯೆ, ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆದು ನಿವೃತ್ತರಾದವರು, ಹಿಂದಿನ ವರ್ಷ ಕಾಲವಾಗಿದ್ದರು. ಅವರ ಫೋನಿನಲ್ಲಿದ್ದುದನ್ನೆಲ್ಲ ಮನೆಯವರು ಅಳಿಸಿ ಅದನ್ನು ಯಾರಿಗೋ ಕೊಟ್ಟಾಗಿತ್ತು. ಅಳಿಸಲು ಬಾರದೆ, ಅಳಿಸಲು ಹೆದರಿ ಎಲ್ಲವನ್ನೂ ಹಾಗೆಯೇ ಇಟ್ಟುಕೊಂಡವರು ಮಂದಾತಾಯಿ ಒಬ್ಬರೇ.

ಮಧ್ಯಾಹ್ನ ಬಾಲ್ಕನಿಯಲ್ಲಿ ಕುಳಿತು ಅವರು ಗ್ರೂಪನ್ನು ಮೇಲಕ್ಕೆ ಸರಿಸತೊಡಗಿದರು. ಒಳಗೆ ಕೊಳಚೆಯ ನಾತ; ಕೈಯಲ್ಲಿ ಅದಕ್ಕಿಂತ ಉತ್ತಮವಲ್ಲದ ಮೆರವಣಿಗೆ. ಗುಲಾಬಿಯ ಮೇಲೆ ಶುಭೋದಯ, ಸೂರ್ಯನ ಮೇಲೆ ಶುಭೋದಯ, ಮಿನುಗುವ ದೇವರು, ಹೆಂಡತಿಯರ ಬಗ್ಗೆ ಕೊಳಕು ನಗೆಚಾಟಿಕೆ, ಅದರ ಕೆಳಗೆ ಗಂಡಸರ ಹದಿನೆಂಟು ನಗುಮುಖ. ಮೂರನೇ ಮಹಡಿಯ ಪರಾಂಜಪೆ ತನ್ನ ಪಾದದ ಹುಣ್ಣಿನ ಫೋಟೊ ಹಾಕಿ ಒಳ್ಳೆಯ ಮುಲಾಮು ಯಾವುದೆಂದು ಕೇಳಿದ್ದ. ಮಂದಾತಾಯಿ ಫೋನನ್ನು ಮೈಯಿಂದ ದೂರ ಹಿಡಿದರು. ಕಣ್ಣು ಮುಚ್ಚಿ ಸರಿಸಿದರು. ಕಣ್ಣು ತೆರೆದರೆ ಇನ್ನೂ ಹೋದ ದೀಪಾವಳಿ. ಹೆಬ್ಬೆರಳು ಮರಗಟ್ಟಿತು. ಅಷ್ಟರಲ್ಲಿ ಒಂದು ಫೋನು ಬಂತು. ಮಾತು ಮುಗಿಸಿ ನೋಡಿದರೆ ಗ್ರೂಪು ಮತ್ತೆ ಇವತ್ತಿನ ಗುಲಾಬಿಗೆ ಬಂದು ನಿಂತಿತ್ತು.

"ಥೂ!" ಎಂದರು ಮಂದಾತಾಯಿ.

"ಯಾರಿಗೆ, ಕಾಕೂ, ಮಂಗಳಾರತಿ?" ಗೇಟಿನಿಂದ ಬರುತ್ತಿದ್ದವಳು ಎರಡನೇ ಮಹಡಿಯ ಹೇಮಾಂಗಿ ಕರ್ಣಿಕ್. ಪಕ್ಕದ ಊರು ಕಲ್ಯಾಣದ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ. ಕಕ್ಷಿದಾರರು ಕಂಡಕಂಡಲ್ಲಿ ಕಳಿಸಿದ ಕಾಗದಗಳನ್ನು ಫೋನಿನಿಂದ ಹೆಕ್ಕಿ ತೆಗೆಯುವುದೇ ಅವಳ ದಿನಚರಿ.

"ಈ ಹಾಳು ಗ್ರೂಪಿಗೆ. ವಾಮನಕಾಕಾನ ಫೋಟೊ ಹುಡುಕ್ತಿದ್ದೀನಿ. ಮೂರು ವರ್ಷ ಹಿಂದಿಂದು."

"ಬೆರಳಲ್ಲಿ ಸರಿಸ್ಕೊಂಡಾ? ಕಾಶಿಗೆ ನಡ್ಕೊಂಡು ಹೋದ ಹಾಗಾಯ್ತು. ಕೊಡಿ ಇಲ್ಲಿ." ಅವಳು ಪಕ್ಕದಲ್ಲಿ ಕುಳಿತಳು. ಮೊದಲು ಹುಡುಕುವ ಜಾಗದಲ್ಲಿ 'ಚೇಂಬರ್' ಎಂದು ಬರೆದಳು. ಚೇಂಬರಿನ ಜಗಳಗಳು ಬಂದವು, ಒಂದರ ಮೇಲೊಂದು; ಬಾಣದ ಗುರುತು ಒತ್ತಿದಷ್ಟೂ ಜಗಳಗಳೇ. "ಇದು ಅಕ್ಷರ ಮಾತ್ರ ಹುಡುಕುತ್ತೆ, ಕಾಕೂ. ಫೋಟೊ ಜೊತೆ ಅವರು ಏನೂ ಬರೀದೇ ಇದ್ರೆ ಸಿಕ್ಕಲ್ಲ."

ಆಮೇಲೆ ಮೇಲಿದ್ದ ಗ್ರೂಪಿನ ಹೆಸರನ್ನೇ ಒತ್ತಿದಳು. ಸದಸ್ಯರ ಪಟ್ಟಿಗಿಂತ ಮೇಲೆ ಚಿಕ್ಕ ಚಿತ್ರಗಳ ಒಂದು ಸಾಲು. ಅದರ ತಲೆಯ ಮೇಲೆ ಮೀಡಿಯಾ, ಲಿಂಕ್‌ಗಳು, ಡಾಕ್ಸ್ ಎಂದಿತ್ತು. ಅದನ್ನು ಒತ್ತಿದ ಕೂಡಲೇ ಮಾತುಗಳೆಲ್ಲ ಮಾಯವಾಗಿ ಬರೀ ಚಿತ್ರಗಳು ಚೌಕಚೌಕವಾಗಿ ತೆರೆದುಕೊಂಡವು, ತಿಂಗಳ ಹೆಸರಿನ ಕೆಳಗೆ ಆಯಾ ತಿಂಗಳದು.

"ಅಯ್ಯೋ! ಇಂಥದೊಂದು ಬಾಗಿಲಿತ್ತಾ?"

"ಯಾವ ತಿಂಗಳು?"

"ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದೆ. ಅಂಗಳ ಅಗೆದ ಧೂಳು ಬಿದ್ದೀತು ಅಂತ ಭರಣಿಗೆ ಎರಡು ಬಟ್ಟೆ ಕಟ್ಟಿದ್ದೆ. ಮೇ ತಿಂಗಳೇ."

ಆ ವರ್ಷದ ಮೇ ತಿಂಗಳಿಗೆ ಬೇಗನೇ ತಲುಪಿದರು. ಮಾವಿನ ಹಣ್ಣು, ಮದುವೆ, ಶುಭೋದಯ, ಯಾರದೋ ಸೊಂಟದ ಎಕ್ಸ್‌ರೇ. ಗುಂಡಿ ಇಲ್ಲ. ಏಪ್ರಿಲ್ ನೋಡಿದರು, ಜೂನ್ ನೋಡಿದರು. ಇಲ್ಲ.

"ನಿಮಗೆ ಖಂಡಿತ ನೆನಪಿದೆಯಾ, ಕಾಕೂ?"

"ನೆನಪಿಲ್ದೆ ಏನು! ಗುಂಡಿ ಪಕ್ಕದಲ್ಲಿ ಅವರ ಅಳತೆ ಟೇಪು ಇತ್ತು. ಆ ಮಹಾರಾಯರ ಫೋಟೊ ಬೇರೆಯವರದ್ದರ ಹಾಗೆ ನೇರ ಕಾಣ್ತಿರಲಿಲ್ಲ ನೋಡು. ಉದ್ದನೆ ಪಟ್ಟಿ ಬರ್ತಿತ್ತು, ಏನೋ ಅಂಕಿ ಬರೆದಿರೋದು. ಒತ್ತಿ ತೆರೀಬೇಕಿತ್ತು. ಯಾಕೆ ಹೀಗೆ ಕಳಿಸ್ತೀರಿ ಅಂತ ಬೈದಿದ್ದೆ. 'ಹಾಗೇ ಕಳಿಸಿದ್ರೆ ಗೆರೆ ಎಲ್ಲಾ ಕಲಸಿಹೋಗುತ್ತೆ, ಮಂದಾತಾಯಿ' ಅಂದ್ರು."

ಹೇಮಾಂಗಿ ತನ್ನ ಹಣೆ ಬಡಿದುಕೊಂಡಳು. "ಡಾಕ್ಯುಮೆಂಟ್ ಮಾಡಿ ಕಳಿಸಿದ್ದಾರೆ! ಸ್ವಲ್ಪನೂ ಮಸುಕಾಗಬಾರದು ಅಂತ. ಅದು ಫೋಟೊಗಳ ಜೊತೆ ಬರಲ್ಲ, ಕಾಗದಪತ್ರಗಳ ಜೊತೆ ಕೂತಿರುತ್ತೆ."

ಡಾಕ್ಸ್ ಎಂಬ ಪಕ್ಕದ ಪಟ್ಟಿಗೆ ಬೆರಳಿಟ್ಟಳು. ಅಲ್ಲಿ ಗುಲಾಬಿಯಿಲ್ಲ, ಹುಣ್ಣಿಲ್ಲ. ಸಭೆಯ ನಡಾವಳಿ, ನೀರಿನ ಬಿಲ್ಲು, ಲಿಫ್ಟಿನ ಅಂದಾಜುಪಟ್ಟಿ. ಮೇ ತಿಂಗಳಲ್ಲಿ, ಎರಡು ಬಿಲ್ಲುಗಳ ನಡುವೆ, ಬರೀ ಅಂಕಿಗಳ ಹೆಸರಿನ ಒಂದು ಚಿತ್ರದ ಕಡತ. ಮಂದಾತಾಯಿ ಅಂದೇ ಒಮ್ಮೆ ತೆರೆದು ನೋಡಿದ್ದರಿಂದ ಅದು ಅವರ ಫೋನಿನಲ್ಲಿ ಉಳಿದಿತ್ತು. ಒತ್ತಿದರು, ತೆರೆಯಿತು. ಅಗೆದ ಅಂಗಳ, ಇಟ್ಟಿಗೆ ಕಟ್ಟಿದ ಚೇಂಬರು, ಗೋಡೆಗೆ ಒರಗಿಸಿದ ಕಬ್ಬಿಣದ ಮುಚ್ಚಳ, ವಾಮನಕಾಕಾನ ಹಳದಿ ಟೇಪು. ಟೇಪಿನ ಒಂದು ತುದಿ ಅಂಗಳದ ಕಂಬವೊಂದರ ಬುಡದಲ್ಲಿತ್ತು, ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಮೂರು ಎಂಬ ಅಂಕಿ. ಹಿಗ್ಗಿಸಿ ನೋಡಿದರೆ ಟೇಪಿನ ಅಂಕಿಯೂ ಓದಲು ಬರುತ್ತಿತ್ತು. ಪೈಪು ಅಡುಗೆಮನೆಯ ಗೋಡೆಗೆ ಬೆನ್ನು ಹಾಕಿ ನೆಟ್ಟಗೆ ಗೇಟಿನ ಕಡೆಗೆ ಹೋಗಿತ್ತು.

"ಮೂರನೇ ಕಂಬ," ಹೇಮಾಂಗಿ ಮೆಲ್ಲಗೆ ಹೇಳಿದಳು. ಇಬ್ಬರೂ ಬಾಲ್ಕನಿಯಿಂದ ಕತ್ತು ಚಾಚಿದರು. ಮೂರನೇ ಕಂಬದ ಪಕ್ಕದಲ್ಲಿ, ಹೊಳೆಯುವ ಟೈಲ್ಸುಗಳ ಮೇಲೆ, ದಿಘೆಯವರ ಹೊಸ ಕಾರು ನಿಂತಿತ್ತು.

ಮಂದಾತಾಯಿಗೆ ಬೆಳಗಿನಿಂದ ಆಗಿದ್ದ ಹೇಸಿಗೆಯೆಲ್ಲ ಆ ಕ್ಷಣಕ್ಕೆ ಬೇರೆಯೇ ಒಂದು ಕಡೆಗೆ ತಿರುಗಿತು.

ಫೋಟೊವನ್ನು ಮತ್ತೆ ಗ್ರೂಪಿಗೆ ಹಾಕಿದರು. ನೋಡಿದವರು ಹಲವರು, ಮಾತಾಡಿದವರಿಲ್ಲ. ಒಬ್ಬಾತ ಕೈಮುಗಿದ ಗುರುತು ಹಾಕಿದ. ಮಂದಾತಾಯಿ ಫೋನು ಹಿಡಿದು ಅಂಗಳಕ್ಕೆ ಇಳಿದು, ದಿಘೆಯವರನ್ನು ಹೆಸರು ಹಿಡಿದು ಕೂಗಿದರು. ಅವರು ಬಂದರು, ಮ್ಹಾತ್ರೆಯೂ ಬಂದ.

"ಹಳೇ ಫೋಟೊ, ತಾಯಿ," ದಿಘೆ ಗೊಣಗಿದರು. "ಆಮೇಲೆ ಏನೇನು ಬದಲಾಗಿದೆಯೋ. ಈ ಟೈಲ್ಸ್ ಈಗ ಸಿಗೋದೂ ಇಲ್ಲ."

"ನಿಮ್ಮ ಟೈಲ್ಸು ಸಿಗಲ್ಲ. ನನ್ನ ಗಂಡ ಹಾಕಿಸಿದ ಕಲ್ಲು ಸಂತೆಯಲ್ಲಿ ಸಿಗುತ್ತಾ? ಕಾರಿನ ಕೆಳಗೆ ಇದೆ ಅಂತ ನಿಮಗೆ ಗೊತ್ತಿತ್ತೋ, ಇಲ್ವೋ? ಅದನ್ನ ಹೇಳಿ."

ದಿಘೆ ಕಾರಿನ ಮೇಲೆ ಬಿದ್ದಿದ್ದ ಎಲೆಯೊಂದನ್ನು ತೆಗೆದು ಎಸೆದರು. ಮ್ಹಾತ್ರೆ ಚಿತ್ರವನ್ನು ಹಿಗ್ಗಿಸಿ ನೋಡಿ, ಕಂಬದಿಂದ ತನ್ನ ಟೇಪು ಎಳೆದ. "ಸಾಹೇಬ್, ಗಾಡಿ ತೆಗೀರಿ. ಇಲ್ಲೇ ಇದೆ. ಅಡುಗೆಮನೆ ಒಡೆದಿದ್ರೆ ಮಣ್ಣು ಬಿಟ್ಟು ಏನೂ ಸಿಗ್ತಿರಲಿಲ್ಲ."

ಕಾರು ಸರಿದ ಮೇಲೆ ನಾಲ್ಕು ಟೈಲ್ಸು ಎಬ್ಬಿಸಿದರು. ಸಿಮೆಂಟು ಕೆರೆದಾಗ ಮುಚ್ಚಳ ಕಂಡಿತು. ಅದನ್ನು ಎತ್ತಿದ ಕೂಡಲೇ ಎದ್ದ ನಾತಕ್ಕೆ ನೋಡಲು ಬಂದವರೆಲ್ಲ ಹಿಂದೆ ಸರಿದರು. ಮ್ಹಾತ್ರೆಯ ಆಳುಗಳು ಉದ್ದನೆಯ ಕೊಕ್ಕೆ ಇಳಿಸಿ ಎಳೆದರು. ಮಕ್ಕಳ ಡೈಪರು ಉಬ್ಬಿ ಉಬ್ಬಿ ಒಂದಾದ ಮೇಲೊಂದು ಬಂದವು. ಜೊತೆಗೆ ಕೋಳಿಯ ಮೂಳೆ, ಕೂದಲಿನ ಉಂಡೆ, ಕೊಬ್ಬು ಹೆಪ್ಪುಗಟ್ಟಿದ ನೆಲ ಒರೆಸುವ ಬಟ್ಟೆ.

"ಇದು ನಮ್ಮನೇದಲ್ಲ ಬಿಡಿ," ಎಂದಿತು ಮೆಟ್ಟಿಲಿನಿಂದ ಒಂದು ದನಿ.

"ನಮ್ಮ ಮಗು ದೊಡ್ಡದಾಗಿ ವರ್ಷವಾಯ್ತು," ಇನ್ನೊಂದು.

"ಹಾಗಾದ್ರೆ ನಂದೇ ಇರಬೇಕು," ಮಂದಾತಾಯಿ ಹೇಳಿದರು. "ಅರವತ್ತೆರಡರಲ್ಲಿ ಹೆತ್ತಿದ್ದೀನಿ, ನಿಮಗೆ ಪೇಡೆ ಹಂಚೋದು ಮರೆತೆ."

ಆಳುಗಳು ನಕ್ಕರು. ಮೆಟ್ಟಿಲ ಮೇಲಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಅಷ್ಟರಲ್ಲಿ ಗುಂಡಿಯ ನೀರು ದೊಡ್ಡ ಸದ್ದು ಮಾಡಿ ಕೆಳಗಿಳಿಯಿತು, ಹೇಮಾಂಗಿ ಮನೆಯೊಳಗಿನಿಂದ, "ಕಾಕೂ, ಬಚ್ಚಲು ಖಾಲಿಯಾಯ್ತು!" ಎಂದು ಕೂಗಿದಳು.

ಸಂಜೆ ದಿಘೆಯವರ ಹೆಂಡತಿ ಖಾಲಿ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. "ಎಲ್ಲಾ ಸರಿಹೋಯ್ತಂತಲ್ಲ, ಮಂದಾತಾಯಿ. ನಾಳೆ ಪೋಳಿ ಎಂದಿನ ಹಾಗೆ ತಾನೆ?"

ಮಂದಾತಾಯಿ ಮೊಣಕಾಲೂರಿ ಕುಳಿತು, ಫಿನಾಯಿಲು ಬೆರೆಸಿದ ಬಿಸಿನೀರಿನಲ್ಲಿ ಮೂರನೆಯ ಸಲ ಕಡಪಾ ಕಲ್ಲನ್ನು ಉಜ್ಜುತ್ತಿದ್ದರು. ಎಲ್ಲಿಯೂ ಬಿರುಕು ಬಿಡದ, ಕಪ್ಪಗೆ ಹೊಳೆಯುವ ನೆಲ. ಆದರೂ ಹಿಟ್ಟು ಕಲಸುವುದನ್ನು ನೆನೆದರೆ ಆ ಕೊಕ್ಕೆಯ ತುದಿಯೇ ಕಣ್ಣಮುಂದೆ ಬರುತ್ತಿತ್ತು.

"ನಾಳೆ ಇಲ್ಲ," ಎಂದರು ತಲೆಯೆತ್ತದೆ. "ನಾಡಿದ್ದೂ ಇಲ್ಲ. ನನಗೆ ನಿಮ್ಮೆಲ್ಲರ ವಾಸನೆ ಹೋದ ಮೇಲೆ ಹೇಳಿ ಕಳಿಸ್ತೀನಿ."

ಬಕೆಟ್ಟಿನ ನೀರನ್ನು ಬಚ್ಚಲಿಗೆ ಸುರಿದು, ಅದು ಪೂರ್ತಿ ಇಳಿದುಹೋಗುವವರೆಗೆ ನೋಡುತ್ತ ನಿಂತರು.